ಟೆಂಪರ್ ಅಂದರೆ ಸಿಟ್ಟಲ್ಲ: ಜಿಆರ್‌ಇ ವರ್ಬಲ್‌ಗೆ ನಾನು ಓದಿದ ರೀತಿ

ಗೊತ್ತಿಲ್ಲದ ಶಬ್ದಕ್ಕಿಂತ ಗೊತ್ತಿದೆ ಅಂದುಕೊಂಡ ಶಬ್ದವೇ, ವಿದೇಶದಲ್ಲಿ ಉನ್ನತ ಓದಿಗೆಂದು ಬರೆಯುವ ಜಿಆರ್‌ಇ ಪರೀಕ್ಷೆಯ ವರ್ಬಲ್, ಅಂದರೆ ಇಂಗ್ಲಿಷ್ ಭಾಷೆಯ ಭಾಗದಲ್ಲಿ ಹೆಚ್ಚು ಕೈಕೊಡುತ್ತದೆ. ‘ಅವನಿಗೆ ಟೆಂಪರ್ ಜಾಸ್ತಿ’, ‘ಗ್ಯಾಸ್ ಚೆಕ್ ಮಾಡು’, ‘ಅಂಗಡಿಯಾಗ ಡಿಸ್ಕೌಂಟ್ ಐತಿ’ ಎಂದು ಹುಬ್ಬಳ್ಳಿಯಲ್ಲಿ ದಿನವೂ ಆಡುತ್ತೇವೆ. ಪರೀಕ್ಷೆಯಲ್ಲಿ ಇವೇ ಶಬ್ದ ಕ್ರಿಯಾಪದವಾಗಿ ಬೇರೆ ಅರ್ಥ ಹೊತ್ತು ಬರುತ್ತವೆ. ಅಲ್ಲಿ ಟೆಂಪರ್ ಅಂದರೆ ತೀವ್ರತೆ ತಗ್ಗಿಸು, ಚೆಕ್ ಅಂದರೆ ತಡೆ, ಡಿಸ್ಕೌಂಟ್ ಅಂದರೆ ಲೆಕ್ಕಕ್ಕೆ ತೆಗೆದುಕೊಳ್ಳದಿರು. ಅರೆಸ್ಟ್ ಅಂದರೆ ಬೆಳವಣಿಗೆ ನಿಲ್ಲಿಸುವುದೂ ಹೌದು. ಹಾಗಾಗಿ ದೊಡ್ಡ ಪಟ್ಟಿ ಹಿಡಿಯುವ ಮೊದಲು ಇಂಥ ಪರಿಚಿತ ಶಬ್ದಗಳ ಎರಡನೇ ಅರ್ಥವನ್ನು ಒಂದು ಬೇರೆ ವಹಿಯಲ್ಲಿ ಬರೆದಿಟ್ಟುಕೊಂಡೆ.

ಹೊಸ ಶಬ್ದಕ್ಕೆ ದಿನಕ್ಕೆ ಹದಿನೈದರ ಮಿತಿ. ಕಾರ್ಡಿನ ಒಂದು ಬದಿ ಶಬ್ದ, ಇನ್ನೊಂದು ಬದಿ ಅದು ಬಳಕೆಯಾದ ಇಂಗ್ಲಿಷ್ ವಾಕ್ಯ, ಅದರ ಕೆಳಗೆ ಕನ್ನಡದಲ್ಲಿ ಅರ್ಥ. ಆ ಅರ್ಥ ನಿಘಂಟಿನ ಒಂದು ಪದವಾಗಿದ್ದರೆ ಸಾಲದು. ಆಂಬಿವಲೆಂಟ್, ಇಕ್ವಿವೋಕಲ್, ಇನ್‌ಡಿಫರೆಂಟ್ ಮೂರಕ್ಕೂ ‘ಅನಿಶ್ಚಿತ’ ಎಂದು ಬರೆದರೆ ಮೂರೂ ಕಲಸಿಹೋಗುತ್ತವೆ. ಆಂಬಿವಲೆಂಟ್‌ಗೆ ‘ಮನಸ್ಸು ಎರಡೂ ಕಡೆ ಎಳೀತದ’, ಇಕ್ವಿವೋಕಲ್‌ಗೆ ‘ಮಾತು ಅಡ್ಡಗೋಡೆ ಮ್ಯಾಲೆ ದೀಪ ಇಟ್ಟಂಗ’, ಇನ್‌ಡಿಫರೆಂಟ್‌ಗೆ ‘ಯಾವ ಕಡೆಯಾದರೂ ನನಗೇನು’ ಎಂದು ಬರೆದುಕೊಂಡರೆ ಮೊದಲನೆಯದು ಮನಸ್ಸಿನದು, ಎರಡನೆಯದು ಮಾತಿನದು, ಮೂರನೆಯದರಲ್ಲಿ ಎಳೆತವೇ ಇಲ್ಲ ಎಂಬುದು ಮರೆಯುವುದಿಲ್ಲ. ಮರುದಿನ, ನಾಲ್ಕನೇ ದಿನ, ಹತ್ತನೇ ದಿನ ಅದೇ ಕಾರ್ಡು ಮತ್ತೆ ಕೈಗೆ ಬರಬೇಕು. ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸಿನಲ್ಲಿ ಸೀಟು ಸಿಕ್ಕರೆ ಒಂದು ಕಟ್ಟು ಮುಗಿಯುತ್ತದೆ.

ಸೆಂಟೆನ್ಸ್ ಇಕ್ವಿವಲೆನ್ಸ್ ಎಂಬ ಬಗೆಯ ಪ್ರಶ್ನೆಯಲ್ಲಿ ಒಂದು ಖಾಲಿ ಜಾಗ, ಆರು ಆಯ್ಕೆ. ವಾಕ್ಯಕ್ಕೆ ಒಂದೇ ಅರ್ಥ ಕೊಡುವ ಎರಡನ್ನು ಗುರುತಿಸಬೇಕು. ಒಂದು ಸರಿ, ಒಂದು ತಪ್ಪಾದರೆ ಅರ್ಧ ಅಂಕವೂ ಇಲ್ಲ. ನಾನೇ ಕಟ್ಟಿಕೊಂಡ ಒಂದು ಪ್ರಶ್ನೆ ನೋಡಿ. ‘ಸಮಿತಿಯ ಹೊಗಳಿಕೆ ಎಷ್ಟು ___ ಆಗಿತ್ತೆಂದರೆ, ಅವರಿಗೆ ಪುಸ್ತಕ ಹಿಡಿಸಿತೋ ಇಲ್ಲವೋ ಎಂಬುದೇ ಲೇಖಕನಿಗೆ ತಿಳಿಯಲಿಲ್ಲ.’ ಆಯ್ಕೆಗಳು: ಲ್ಯಾವಿಷ್, ಕ್ವಾಲಿಫೈಡ್, ಎಲೊಕ್ವೆಂಟ್, ಎಫ್ಯೂಸಿವ್, ಗಾರ್ಡೆಡ್, ಕ್ಯಾಂಡಿಡ್. ಆಯ್ಕೆಗಳಿಂದ ಶುರು ಮಾಡಿದವರಿಗೆ ಲ್ಯಾವಿಷ್, ಎಫ್ಯೂಸಿವ್ ಜೋಡಿ ಥಟ್ಟನೆ ಕಾಣುತ್ತದೆ. ಎರಡೂ ಧಾರಾಳ ಹೊಗಳಿಕೆಗೆ ಹೊಂದುತ್ತವೆ. ಅದೇ ಬಲೆ. ಆಯ್ಕೆಗಳನ್ನು ಅಂಗೈಯಿಂದ ಮುಚ್ಚಿ, ವಾಕ್ಯದ ದ್ವಿತೀಯಾರ್ಧ ಓದಿ, ಖಾಲಿ ಜಾಗಕ್ಕೆ ಮೊದಲು ಕನ್ನಡದಲ್ಲೇ ಒಂದು ಪದ ತುಂಬಬೇಕು: ‘ಅಳೆದು ತೂಗಿದ’. ಆಮೇಲೆ ಕೈ ತೆಗೆದರೆ ಗಾರ್ಡೆಡ್ ಸಿಗುತ್ತದೆ. ಅದರ ಜೋಡಿ ಕ್ವಾಲಿಫೈಡ್. ‘ಪರೀಕ್ಷೆಯಾಗ ಕ್ವಾಲಿಫೈ ಆದ’ ಎನ್ನುವ ಅರ್ಥವಷ್ಟೇ ತಲೆಯಲ್ಲಿದ್ದರೆ ಇದನ್ನು ಮೊದಲೇ ಹೊಡೆದುಹಾಕುತ್ತೇವೆ; ಇಲ್ಲಿ ಅದರ ಅರ್ಥ ‘ಆದರೆ, ಹೋದರೆ ಸೇರಿಸಿ ಹೇಳಿದ’.

ಓದಿ ಉತ್ತರಿಸಲು ಕೊಡುವ ಪ್ಯಾಸೇಜಿನಲ್ಲಿ ತೊಡಕು ಬೇರೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆಂದು ನಾವು ವಾಕ್ಯದ ತುದಿಯವರೆಗೆ ಕಾಯುತ್ತೇವೆ. ಇಂಗ್ಲಿಷಿನ ಉದ್ದ ವಾಕ್ಯದಲ್ಲಿ ಮುಖ್ಯ ಕ್ರಿಯಾಪದ ನಡುವೆ ಎಲ್ಲೋ ದಾಟಿ ಹೋಗಿರುತ್ತದೆ. ಎರಡು ಕಾಮಾ ನಡುವಿನ ಭಾಗವನ್ನು ಮೊದಲ ಓದಿಗೆ ಹಾರಿಸಿ, ಯಾರು ಏನು ಮಾಡಿದರು ಎಂಬುದನ್ನು ಮೊದಲು ಹಿಡಿದರೆ ವಾಕ್ಯ ಬಿಚ್ಚಿಕೊಳ್ಳುತ್ತದೆ. ಸಣ್ಣ ಪದಗುಚ್ಛಗಳ ಮೇಲೂ ಕಣ್ಣಿರಲಿ: ‘ಆಲ್ ಬಟ್’ ಅಂದರೆ ‘ಬಿಟ್ಟು ಉಳಿದದ್ದೆಲ್ಲ’ ಅನ್ನಿಸುತ್ತದೆ, ಆದರೆ ‘ಆಲ್ ಬಟ್ ಇಂಪಾಸಿಬಲ್’ ಅಂದರೆ ‘ಹೆಚ್ಚುಕಡಿಮೆ ಅಸಾಧ್ಯ’.

ಇನ್ನು ಯಾರ ಮಾತು ಯಾರದು ಎಂಬುದು. ಪ್ಯಾಸೇಜು ಹೀಗಿದೆ ಎನ್ನಿ: ಹಕ್ಕಿಗಳು ನಕ್ಷತ್ರ ನೋಡಿ ದಾರಿ ಹಿಡಿಯುತ್ತವೆ ಎಂದು ಹಿಂದಿನವರು ನಂಬಿದ್ದರು, ಆದರೆ ಮೋಡ ಕವಿದ ರಾತ್ರಿಯೂ ಅವು ದಾರಿ ತಪ್ಪಲಿಲ್ಲ, ಇದರಿಂದ ಹಳೆಯ ಮಾತು ಸುಳ್ಳಾಗುವುದಿಲ್ಲ, ಅಪೂರ್ಣ ಎಂದಷ್ಟೇ ತಿಳಿಯುತ್ತದೆ. ‘ಲೇಖಕರ ಪ್ರಕಾರ ನಕ್ಷತ್ರಗಳಿಗೆ ಪಾತ್ರವಿಲ್ಲ’ ಎಂಬ ಆಯ್ಕೆ ಆಕರ್ಷಕ, ಏಕೆಂದರೆ ‘ಆದರೆ’ ಕಂಡ ಕೂಡಲೇ ಹಳೆಯದೆಲ್ಲ ಬಿದ್ದುಹೋಯಿತು ಎಂದುಕೊಳ್ಳುತ್ತೇವೆ. ಲೇಖಕರು ಹೇಳಿದ್ದು ‘ನಕ್ಷತ್ರವೊಂದೇ ಸಾಲದು’ ಎಂದು. ತಪ್ಪು ಆಯ್ಕೆ ಪ್ಯಾಸೇಜಿಗಿಂತ ಒಂದು ಹೆಜ್ಜೆ ಮುಂದೆ ಹೋಗಿರುತ್ತದೆ. ಪ್ರತಿ ಅಭಿಪ್ರಾಯದ ಮುಂದೆ ಕಚ್ಚಾ ಹಾಳೆಯಲ್ಲಿ ‘ಹಿಂದಿನವರು’, ‘ಲೇಖಕ’ ಎಂದು ಗುರುತಿಸಿಕೊಂಡರೆ ಇದು ಸಿಕ್ಕಿಬೀಳುತ್ತದೆ.

ಈಗಿನ ಪರೀಕ್ಷೆಯಲ್ಲಿ ವರ್ಬಲ್‌ಗೆ ಎರಡು ವಿಭಾಗ: 12 ಪ್ರಶ್ನೆಗೆ 18 ನಿಮಿಷ, 15ಕ್ಕೆ 23. ಶಬ್ದದ ಪ್ರಶ್ನೆಗೆ ಒಂದು ನಿಮಿಷಕ್ಕಿಂತ ಹೆಚ್ಚು ಕೊಟ್ಟರೆ ಪ್ಯಾಸೇಜಿಗೆ ಹೊತ್ತು ಸಾಲುವುದಿಲ್ಲ. ಶಬ್ದ ತುಂಬುವ ಇನ್ನೊಂದು ಬಗೆಯಾದ ಮೂರು ಖಾಲಿ ಜಾಗದ ಪ್ರಶ್ನೆ ಬಗೆಹರಿಯದಿದ್ದರೆ ತೋಚಿದ್ದನ್ನು ಒತ್ತಿ, ಗುರುತು ಹಾಕಿ ಮುಂದೆ ಹೋಗುತ್ತಿದ್ದೆ. ತಪ್ಪಿಗೆ ಅಂಕ ಕಡಿತ ಇಲ್ಲ, ಅದೇ ವಿಭಾಗದೊಳಗೆ ಹಿಂದಿರುಗಿ ಬದಲಿಸಲೂ ಬರುತ್ತದೆ.