ಗ್ರಾಹಕರ ನಂಬರ್ ಸೋರಿದಾಗ ಮೊದಲು ಏನು ಹೇಳಬೇಕು?

ಕಲಬುರಗಿಯಲ್ಲಿ ಮನೆಯಿಂದಲೇ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾರುವ ಆನ್‌ಲೈನ್ ಅಂಗಡಿಯೊಂದಿದೆ ಎಂದುಕೊಳ್ಳೋಣ. 640 ಗ್ರಾಹಕರ ಹೆಸರು, ಮೊಬೈಲ್ ಸಂಖ್ಯೆ, ವಿಳಾಸ ಒಂದೇ ಗೂಗಲ್ ಶೀಟಿನಲ್ಲಿವೆ. ಕೊರಿಯರ್ ಹುಡುಗನಿಗೆ ಅನುಕೂಲವಾಗಲೆಂದು ಅದನ್ನು ‘Anyone with the link’ ಎಂದು ಇಟ್ಟಿದ್ದರು. ಲಿಂಕ್ ಯಾವುದೋ ವಾಟ್ಸ್‌ಆ್ಯಪ್ ಗುಂಪು ಸೇರಿತು. ‘ಅಕ್ಕಾ, ನಿಮ್ಮ ಅಂಗಡಿಯ ಹೆಸರು ಹೇಳಿ ಯಾರೋ ಹಣ ಕೇಳಿದರು’ ಎಂದು ಬೀದರಿನ ಗ್ರಾಹಕರು ಫೋನ್ ಮಾಡಿದಾಗಲೇ ವಿಷಯ ತಿಳಿದದ್ದು.

ಗಾಬರಿಯಲ್ಲಿ ಶೀಟನ್ನೇ ಅಳಿಸಬೇಡಿ. ಹಂಚಿಕೆಯ ಸೆಟ್ಟಿಂಗ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಸಮಯ ಬರೆದುಕೊಂಡು, ನಂತರ ‘Restricted’ ಮಾಡಿ. ಇದರಿಂದ ಲಿಂಕ್ ಮುಚ್ಚುತ್ತದೆ. ಆಗಲೇ ಡೌನ್‌ಲೋಡ್ ಆಗಿರುವ ಪ್ರತಿ ಹಿಂದೆ ಬರುವುದಿಲ್ಲ.

ಬಳಿಕ, ತನಿಖೆ ಮುಗಿಯುವುದನ್ನು ಕಾಯದೆ, ಒಂದು ಮೊದಲ ಹೇಳಿಕೆ:

‘ನಮ್ಮ ಗ್ರಾಹಕರ ಹೆಸರು, ಮೊಬೈಲ್ ಸಂಖ್ಯೆ, ವಿಳಾಸವಿದ್ದ ಪಟ್ಟಿ ನಮ್ಮ ತಪ್ಪಿನಿಂದ ಹೊರಗಿನವರಿಗೆ ಕಾಣುವಂತಾಗಿತ್ತು. ಇಂದು ಬೆಳಿಗ್ಗೆ 11ಕ್ಕೆ ಅದನ್ನು ಮುಚ್ಚಿದ್ದೇವೆ. ಬ್ಯಾಂಕ್ ವಿವರ ಅದರಲ್ಲಿ ಇರಲಿಲ್ಲ. ಯಾರು ನೋಡಿದ್ದಾರೆಂದು ಇನ್ನೂ ಗೊತ್ತಿಲ್ಲ. ನಾವು ಒಟಿಪಿ ಕೇಳುವುದಿಲ್ಲ, ಹಣಕ್ಕಾಗಿ ಲಿಂಕ್ ಕಳುಹಿಸುವುದಿಲ್ಲ. ನಾಳೆ ಸಂಜೆ 6ಕ್ಕೆ ಮತ್ತೆ ತಿಳಿಸುತ್ತೇವೆ.’

‘ಯಾರೂ ದುರ್ಬಳಕೆ ಮಾಡಿಲ್ಲ’ ಎಂಬ ಸಾಲು ಸೇರಿಸಲು ಕೈ ತುರಿಸುತ್ತದೆ. ಸೇರಿಸಬೇಡಿ. ಸಾಮಾನ್ಯ ಜಿಮೇಲ್ ಖಾತೆಯ ಶೀಟು ತಿದ್ದಿದವರನ್ನು ತೋರಿಸುತ್ತದೆ, ಬರೀ ಓದಿಹೋದವರನ್ನು ತೋರಿಸುವುದಿಲ್ಲ. ಬ್ಯಾಂಕ್ ವಿವರದ ಸಾಲನ್ನೂ ಶೀಟಿನ ಪ್ರತಿಯೊಂದು ಕಾಲಂ ನೋಡಿದ ಮೇಲೆಯೇ ಬರೆಯಿರಿ. ‘ಸೂಚನೆ’ ಕಾಲಂನಲ್ಲಿ ಯುಪಿಐ ಐಡಿ ಅಡಗಿರುವುದುಂಟು.

ಅದೇ ದಿನ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ incident@cert-in.org.in ವಿಳಾಸಕ್ಕೆ ವರದಿ ಹೋಗಬೇಕು. 2022ರ ಏಪ್ರಿಲ್ ನಿರ್ದೇಶನದ ಪ್ರಕಾರ, ಗೊತ್ತಾದ 6 ಗಂಟೆಯೊಳಗೆ. ವಿವರ ಅರ್ಧವಿದ್ದರೆ ಅರ್ಧವನ್ನೇ ಕಳುಹಿಸಿ, ಉಳಿದದ್ದು ಆಮೇಲೆ.

ಎರಡು, ಮೂರನೆಯ ದಿನ ಪ್ರತಿ ಗ್ರಾಹಕರಿಗೂ ನೇರವಾಗಿ ತಿಳಿಸುವ ಕೆಲಸ. ಇಲ್ಲೇ ಬಹಳ ಜನ ಎಡವುತ್ತಾರೆ: ಎಲ್ಲರನ್ನೂ ಸೇರಿಸಿ ವಾಟ್ಸ್‌ಆ್ಯಪ್ ಗುಂಪು ಕಟ್ಟಿ ಕ್ಷಮೆ ಕೇಳುತ್ತಾರೆ, ಆ ಗುಂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಸೋರಿಕೆಯ ಮೇಲೊಂದು ಸೋರಿಕೆ! ಬ್ರಾಡ್‌ಕಾಸ್ಟ್ ಪಟ್ಟಿಯೂ ಸಾಲದು. ನಿಮ್ಮ ಸಂಖ್ಯೆಯನ್ನು ಉಳಿಸಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ಎಸ್‌ಎಂಎಸ್ ಕಳುಹಿಸಿ, ವಯಸ್ಸಾದವರಿಗೆ ಫೋನ್ ಮಾಡಿ. ಪುಣೆ, ಸೊಲ್ಲಾಪುರದ ಗ್ರಾಹಕರಿಗೆ ಹಿಂದಿಯಲ್ಲೂ ಬರೆಯಿರಿ.

ವಾರವಿಡೀ ಒಂದು ನೋಟ್‌ಬುಕ್ ಇಡಿ: ಯಾರಿಗೆ, ಯಾವ ಸಂಖ್ಯೆಯಿಂದ ಕರೆ ಬಂತು, ಏನು ಕೇಳಿದರು. ಇಬ್ಬರು ಮೂವರು ಒಂದೇ ಮಾತು ಹೇಳಿದರೆ, ಉದಾಹರಣೆಗೆ ‘ಪಾರ್ಸೆಲ್ ನಿಂತಿದೆ, 5 ರೂಪಾಯಿ ಕಟ್ಟಿ’ ಎಂದರೆ, ಆ ಮಾತನ್ನೇ ಇದ್ದಂತೆ ಮುಂದಿನ ಹೇಳಿಕೆಯಲ್ಲಿ ಹಾಕಿ. ಹಣ ಕಳೆದುಕೊಂಡವರಿಂದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ.

ಏಳನೆಯ ದಿನ ಕೊನೆಯ ಹೇಳಿಕೆ: ಎಷ್ಟು ಜನರಿಗೆ ತಿಳಿಸಿದೆವು, ಎಷ್ಟು ಜನ ಸಿಗಲಿಲ್ಲ, ಎಷ್ಟು ದೂರು ಬಂದವು. ಅಂದಿನಿಂದ ಕೊರಿಯರ್ ಹುಡುಗನ ಕೈಗೆ ಆ ದಿನದ ಹತ್ತಿಪ್ಪತ್ತು ವಿಳಾಸಗಳ ಚೀಟಿ ಮಾತ್ರ.