ಹದಿನೆಂಟು ಫಿಲ್ಟರ್ ಮಾರಿದ ಅಕ್ಕನ ಕಮಿಷನ್ ಚೀಟಿ

ಹುಬ್ಬಳ್ಳಿಯ ಒಂದು ವಾಟರ್ ಫಿಲ್ಟರ್ ಡೀಲರ್‌ ಹತ್ತಿರ ನಾನು ಲೆಕ್ಕ ಬರೆಯುತ್ತೇನೆ. ಮನೆ ಮನೆಗೆ ಹೋಗಿ ಫಿಲ್ಟರ್ ಮಾರುವ ಏಜೆಂಟರು ಹದಿನಾಲ್ಕು ಜನ. ಇವರಿಗೆ ಸಂಬಳ ಇಲ್ಲ, ಕಮಿಷನ್ ಮಾತ್ರ. ತಿಂಗಳ ಮೊದಲ ವಾರ ಎಲ್ಲರಿಗೂ ಕಮಿಷನ್ ಚೀಟಿ ಮಾಡುವುದು ನನ್ನ ಕೆಲಸ. ಚೀಟಿ ಮಾಡಿದ ಮೇಲೆ ಅದರ ಬಗ್ಗೆ ಬೈಸಿಕೊಳ್ಳುವುದೂ ನನ್ನ ಕೆಲಸವೇ.

2025ರ ನವೆಂಬರ್ ಲೆಕ್ಕದ ಚೀಟಿ ಕೊಟ್ಟಿದ್ದು ಡಿಸೆಂಬರ್ 3ಕ್ಕೆ. ಮರುದಿನ ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೇ ಒಬ್ಬ ಅಕ್ಕ ಬಾಗಿಲಲ್ಲಿ ನಿಂತಿದ್ದರು. ಅಕ್ಟೋಬರ್‌ನಲ್ಲಷ್ಟೇ ಸೇರಿದವರು, ಮಾರಾಟದಲ್ಲಿ ಚುರುಕು.

"ಸರ, ಹದಿನೆಂಟ್ ಫಿಲ್ಟರ್ ಮಾರೀನ್ರೀ. ಐದ್ ಸಾವಿರದ ಆರನೂರ್ ಹೆಂಗ್ ಬರ್ತೈತ್ರೀ?"

"ಅಕ್ಕಾರ, ಮೊದಲ ಕುಂದರ್ರಿ," ಅಂದೆ. ಚಹಾ ತರಿಸಿದೆ. ನಿಜ ಹೇಳಬೇಕೆಂದರೆ ಆಗ ನನ್ನ ಲೆಕ್ಕ ಸರಿ ಇದೆ, ಅವರಿಗೆ ತಿಳಿಸಿ ಹೇಳಿದರೆ ಸಾಕು ಅಂತಲೇ ನಾನು ಅಂದುಕೊಂಡಿದ್ದೆ.

ನಾನು ಬಾಯಿ ತೆರೆಯುವ ಮೊದಲು ಅವರ ಲೆಕ್ಕ ಕೇಳಿದೆ. ಇದೊಂದು ಅಭ್ಯಾಸ ಈಗಲೂ ಬಿಟ್ಟಿಲ್ಲ. ಏಜೆಂಟ್ ತನ್ನ ತಲೆಯಲ್ಲಿ ಎಷ್ಟು ಅಂತ ಹಿಡಿದಿದ್ದಾನೆ ಅನ್ನುವುದು ಗೊತ್ತಾಗದೆ ಎಷ್ಟು ವಿವರಿಸಿದರೂ ನಾಟುವುದಿಲ್ಲ. ಅಕ್ಕ ಹೇಳಿದ್ದು ಇಷ್ಟು: ಹದಿನೆಂಟು ಫಿಲ್ಟರ್, ಒಂದಕ್ಕೆ ₹900, ಅಂದರೆ ₹16,200. ಟಾರ್ಗೆಟ್ ಬೋನಸ್ ₹3,000. ನಡುವೆ ತಗೊಂಡ ಅಡ್ವಾನ್ಸ್ ₹4,000 ಕಳೆದರೆ ಕೈಗೆ ₹15,200 ಬರಬೇಕು. ನಾನು ಹಾಕಿದ್ದು ₹5,600. ಸಿಟ್ಟು ಬರದೇ ಇರುತ್ತದಾ?

ಮೊದಲು ಹದಿನೆಂಟರ ವಿಷಯ. ನಮ್ಮಲ್ಲಿ ಗಿರಾಕಿ ₹500 ಟೋಕನ್ ಕೊಟ್ಟ ದಿನ ಬುಕಿಂಗ್ ಆಗುತ್ತದೆ. ಲೆಕ್ಕಕ್ಕೆ ಬರುವುದು ಫಿಟ್ಟಿಂಗ್ ಆದ ದಿನ, ಯಾಕೆಂದರೆ ಉಳಿದ ದುಡ್ಡು ಕೈಗೆ ಬರುವುದು ಆವತ್ತು. ಅಕ್ಕ 29ನೇ ತಾರೀಕು ಬುಕ್ ಮಾಡಿದ ಎರಡು ಫಿಲ್ಟರ್ ಫಿಟ್ ಆಗಿದ್ದು ಡಿಸೆಂಬರ್ 2ಕ್ಕೆ. ಹಾಗಾಗಿ ನವೆಂಬರ್‌ಗೆ ಹದಿನಾರು. ಆ ಎರಡು ಬುಕಿಂಗ್ ನಂಬರ್ ತೋರಿಸಿ, "ಇವು ಮುಂದಿನ ತಿಂಗಳ ಬರ್ತಾವ್ರಿ, ಎಲ್ಲೂ ಹೋಗಂಗಿಲ್ಲ" ಅಂದೆ. ಒಪ್ಪಿದರು. ಆದರೆ ಚೀಟಿಯಲ್ಲಿ ಆ ಎರಡರ ಸುದ್ದಿಯೇ ಇರಲಿಲ್ಲ. ಬರೀ "16" ಅಂತ ಇತ್ತು. ಹದಿನೆಂಟು ಮಾರಿದವರಿಗೆ ಅದನ್ನು ನೋಡಿದರೆ ಎರಡನ್ನು ಯಾರೋ ನುಂಗಿದ ಹಾಗೇ ಕಾಣುತ್ತದೆ.

ಆಮೇಲೆ ದರ. ಗೋಡೆಯ ಮೇಲಿದ್ದ ಪೋಸ್ಟರ್ ಅನ್ನೇ ಅಕ್ಕ ಬೊಟ್ಟು ಮಾಡಿ ತೋರಿಸಿದರು. "10 ದಾಟಿದರೆ ಒಂದು ಫಿಲ್ಟರ್‌ಗೆ ₹900" ಅಂತ ಅದರಲ್ಲಿತ್ತು. ಅದನ್ನು ಓದಿದ ಯಾರೇ ಆದರೂ ಹತ್ತು ದಾಟಿದರೆ ಎಲ್ಲಕ್ಕೂ ₹900 ಅಂತಲೇ ತಿಳಿಯುತ್ತಾರೆ. ನಿಜವಾದ ನಿಯಮ ಬೇರೆ: ಮೊದಲ ಹತ್ತಕ್ಕೆ ತಲಾ ₹600, ಹನ್ನೊಂದನೆಯದರಿಂದ ತಲಾ ₹900. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಹದಿನಾರು ಗೆರೆ ಎಳೆದೆ. ಹತ್ತರ ಪಕ್ಕ ಒಂದು ದಪ್ಪ ಗೆರೆ. ಈ ಕಡೆ ಹತ್ತಕ್ಕೆ ₹6,000, ಆ ಕಡೆ ಆರಕ್ಕೆ ₹5,400. ಒಟ್ಟು ₹11,400. ಸ್ಲ್ಯಾಬ್ ಅಂತ ನೂರು ಸಲ ಹೇಳಿದರೂ ಆಗದ್ದು ಆ ಗೆರೆಯಲ್ಲಿ ಆಯಿತು. ಪೋಸ್ಟರ್ ಆವತ್ತೇ ಕಿತ್ತು ಹಾಕಿದೆ. ಈಗಿನದರಲ್ಲಿ "11ನೇ ಫಿಲ್ಟರ್‌ನಿಂದ ಮುಂದೆ ಪ್ರತಿಯೊಂದಕ್ಕೆ ₹900" ಅಂತ ಇದೆ.

ಇಲ್ಲಿಯವರೆಗೆ ಎಲ್ಲ ಸರಿ. ಆದರೆ ₹11,400 ಇರಬೇಕಾದ ಜಾಗದಲ್ಲಿ ನನ್ನ ಚೀಟಿಯಲ್ಲಿ ₹9,600 ಇತ್ತು. ಬೋನಸ್ ಸೊನ್ನೆ ಅಂತಿತ್ತು. ಬೋನಸ್ ಟಾರ್ಗೆಟ್ ಹದಿನಾರು, ಅಕ್ಕ ಸರಿಯಾಗಿ ಹದಿನಾರೇ ಮಾಡಿದ್ದಾರೆ.

"ಹದಿನಾರ್ ಅಂತ ನೀವs ಹೇಳಿದ್ರಿ. ಮತ್ತ ಬೋನಸ್ ಯಾಕಿಲ್ರೀ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎಕ್ಸೆಲ್ ಶೀಟ್ ತೆಗೆದೆ. ಅಕ್ಟೋಬರ್‌ನಲ್ಲಿ ಅಕ್ಕ ಹನ್ನೆರಡು ಫಿಲ್ಟರ್ ಮಾರಿದ್ದರು. ಅದರಲ್ಲಿ ಒಂದನ್ನು ಗಿರಾಕಿ ನವೆಂಬರ್‌ನಲ್ಲಿ ವಾಪಸ್ ಕೊಟ್ಟಿದ್ದ. 30 ದಿನದ ಒಳಗೆ ವಾಪಸ್ ಬಂದರೆ ಅದರ ಕಮಿಷನ್ ಮುರಿದುಕೊಳ್ಳುವುದು ನಮ್ಮ ನಿಯಮ. ಅದು ಸೇರುವಾಗಲೇ ಹೇಳಿರುತ್ತೇವೆ. ತಪ್ಪು ಇದ್ದದ್ದು ಮುರಿದುಕೊಂಡ ರೀತಿಯಲ್ಲಿ. ಶೀಟ್‌ನಲ್ಲಿ B4 ಅಂದರೆ ಈ ತಿಂಗಳು ಫಿಟ್ ಆದದ್ದು, C4 ಅಂದರೆ ವಾಪಸ್ ಬಂದದ್ದು. ನಾನೇ ಬರೆದ ಸೂತ್ರ ಹೀಗಿತ್ತು:

```
=MIN(B4-C4,10)*600+MAX(B4-C4-10,0)*900-C4*900
```

ನೋಡಿ, C4 ಮೂರು ಕಡೆ ಇದೆ. ಹದಿನಾರರಲ್ಲಿ ಒಂದು ಕಳೆದು ಹದಿನೈದು ಮಾಡಿತು. ಅಲ್ಲೇ ₹900 ಹೋಯಿತು. ಕೊನೆಯಲ್ಲಿ ಮತ್ತೆ ₹900 ಕಳೆಯಿತು. ಬೋನಸ್ ಸೂತ್ರವೂ ಇದೇ ಹದಿನೈದನ್ನು ನೋಡಿ ಟಾರ್ಗೆಟ್ ಆಗಿಲ್ಲ ಅಂತ ₹3,000 ತಡೆಯಿತು. ಅಕ್ಟೋಬರ್‌ನ ಒಂದು ಫಿಲ್ಟರ್‌ಗೆ ನವೆಂಬರ್‌ನಲ್ಲಿ ಒಟ್ಟು ₹4,800 ದಂಡ. ಬರಬೇಕಾದ ಕಡಿತ ₹900 ಮಾತ್ರ.

ಅದು ₹900 ಯಾಕೆ, ₹600 ಯಾಕಲ್ಲ ಅಂತ ಅಕ್ಕ ಕೇಳಿದರು. ಒಳ್ಳೆಯ ಪ್ರಶ್ನೆ. ಇದಕ್ಕೆ ಹಳೇ ತಿಂಗಳನ್ನೇ ಮತ್ತೆ ಲೆಕ್ಕ ಹಾಕಬೇಕು. ಅಕ್ಟೋಬರ್‌ನಲ್ಲಿ ಹನ್ನೆರಡಕ್ಕೆ ಕೊಟ್ಟದ್ದು ₹7,800. ಆ ಒಂದು ಇಲ್ಲದೇ ಹೋಗಿದ್ದರೆ ಹನ್ನೊಂದಕ್ಕೆ ₹6,900 ಕೊಡುತ್ತಿದ್ದೆವು. ವ್ಯತ್ಯಾಸ ₹900. ಅವರು ಅಕ್ಟೋಬರ್‌ನಲ್ಲಿ ಎಂಟೇ ಮಾರಿದ್ದರೆ ಕಡಿತ ₹600 ಆಗುತ್ತಿತ್ತು. ವಾಪಸ್ ಬಂದದ್ದು ಯಾವ ತಿಂಗಳದೋ ಆ ತಿಂಗಳಿಗೆ ಅದರ ಲೆಕ್ಕ. ಈ ತಿಂಗಳ ಎಣಿಕೆಯನ್ನು ಅದು ಮುಟ್ಟಬಾರದು. ಈಗ ಹಳೇ ತಿಂಗಳ ಶೀಟ್‌ನಲ್ಲೇ ವ್ಯತ್ಯಾಸ ತೆಗೆದು, ಆ ಮೊತ್ತವನ್ನು D4ಗೆ ತರುತ್ತೇನೆ:

```
=MIN(B4,10)*600+MAX(B4-10,0)*900-D4
```

ಇಂಥ ತಪ್ಪನ್ನು ಪತ್ತೆ ಮಾಡಲು ಒಂದು ಸುಲಭ ದಾರಿ ಇದೆ. ವಾಪಸ್ ಕಾಲಂನಲ್ಲಿ ಸೊನ್ನೆ ಹಾಕಿ ನೋಡಿ. ಕೈಗೆ ಬರುವ ಮೊತ್ತ ವಾಪಸ್ ಬಂದ ಫಿಲ್ಟರ್‌ಗಳ ಕಮಿಷನ್‌ಗಿಂತ ಜಾಸ್ತಿ ಏರಿದರೆ ಎಲ್ಲೋ ಎರಡು ಸಲ ಕಳೆಯುತ್ತಿದೆ ಅಂತ ಅರ್ಥ. ಆವತ್ತು ಮಧ್ಯಾಹ್ನ ಹದಿನಾಲ್ಕೂ ಜನರದ್ದು ಹೀಗೆ ನೋಡಿದೆ. ಇನ್ನೂ ಇಬ್ಬರಿಗೆ ಕಡಿಮೆ ಹೋಗಿತ್ತು. ಅವರು ಬಂದು ಕೇಳಿರಲೇ ಇಲ್ಲ.

ಸರಿ ಮಾಡಿದ ಮೇಲೆ ಅಕ್ಕನ ಲೆಕ್ಕ ಹೀಗೆ ಬಂತು. ಕಮಿಷನ್ ₹11,400, ಬೋನಸ್ ₹3,000, ಒಟ್ಟು ₹14,400. ವಾಪಸ್ ಫಿಲ್ಟರ್‌ದು ₹900 ಕಳೆದು ₹13,500. ಅಡ್ವಾನ್ಸ್ ₹4,000. ಇಷ್ಟೇ ಆಗಿದ್ದರೆ ಎಲ್ಲರೂ ಖುಷಿ. ಆದರೆ ಹಳೇ ಚೀಟಿಯಲ್ಲಿ ಇಲ್ಲದ ಒಂದು ಹೊಸ ಸಾಲು ಈಗ ಹುಟ್ಟಿತ್ತು: ಟಿಡಿಎಸ್ ₹426.

"ಈಗs ಸರಿ ಮಾಡಿದ್ರಿ, ಈಗs ಮತ್ತ ಕಟ್ ಮಾಡಿದ್ರಿ!"

ಕಮಿಷನ್ ಮೇಲಿನ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆ, ಆಗಿನ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂ 194ಎಚ್ ಅಡಿ ಬರುತ್ತಿತ್ತು. 2024ರ ಅಕ್ಟೋಬರ್ 1ರಿಂದ ದರ 5%ನಿಂದ 2%ಗೆ ಇಳಿದಿತ್ತು. 2025ರ ಏಪ್ರಿಲ್‌ನಿಂದ ಮಿತಿ ವರ್ಷಕ್ಕೆ ₹20,000. ಏಜೆಂಟರಿಗೆ ಗೊಂದಲ ಆಗುವುದು ಈ ಮಿತಿಯಲ್ಲೇ. ವರ್ಷದ ಒಟ್ಟು ಕಮಿಷನ್ ₹20,000 ದಾಟುವವರೆಗೆ ಏನೂ ಹಿಡಿಯುವುದಿಲ್ಲ. ದಾಟಿದ ತಿಂಗಳು ಮೇಲಿನ ಮೊತ್ತಕ್ಕಷ್ಟೇ ಅಲ್ಲ, ವರ್ಷದ ಮೊದಲ ರೂಪಾಯಿಯಿಂದ ಹಿಡಿಯಬೇಕು. ಕಮಿಷನ್ ಸ್ಲ್ಯಾಬ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ದಪ್ಪ ಗೆರೆ ಎಳೆದು ಒಂದನ್ನು ಈಗಷ್ಟೇ ತಿಳಿಸಿ, ಮರುಕ್ಷಣ ಇನ್ನೊಂದು ಹಾಗಲ್ಲ ಅನ್ನುವುದು ಕಷ್ಟ ಸ್ವಾಮಿ.

ಅಕ್ಟೋಬರ್‌ನ ₹7,800ಕ್ಕೆ ಆಗ ಏನೂ ಹಿಡಿದಿರಲಿಲ್ಲ. ನವೆಂಬರ್‌ನ ₹13,500 ಸೇರಿ ₹21,300 ಆಯಿತು, ಮಿತಿ ದಾಟಿತು. ಅದರ 2% ₹426. ಇದನ್ನು ಒಂದೇ ಸಾಲಿನಲ್ಲಿ ಬರೆದರೆ ಜನ ₹13,500ಕ್ಕೆ 2% ಹಾಕಿ ₹270 ಅಂತ ಹೇಳಿ ಜಗಳಕ್ಕೆ ಬರುತ್ತಾರೆ. ಅದಕ್ಕೆ ಎರಡು ಸಾಲು ಮಾಡಿದೆ: "ಈ ತಿಂಗಳದು ₹270" ಮತ್ತು "ಹಿಂದಿನ ತಿಂಗಳ ಬಾಕಿ ₹156". ಹಳೇ ಚೀಟಿಯಲ್ಲಿ ಟಿಡಿಎಸ್ ಬರದಿದ್ದಕ್ಕೆ ಕಾರಣವೂ ನನ್ನ ತಪ್ಪೇ. ಕಮಿಷನ್ ಕಡಿಮೆ ತೋರಿಸಿದ್ದರಿಂದ ಒಟ್ಟು ₹17,400ರಲ್ಲೇ ನಿಂತಿತ್ತು.

ಆ ದುಡ್ಡು ನಮ್ಮ ಅಂಗಡಿಗಲ್ಲ, ನಿಮ್ಮ ಪ್ಯಾನ್ ಹೆಸರಿಗೆ ಸರ್ಕಾರಕ್ಕೆ ಹೋಗುತ್ತದೆ, ತೆರಿಗೆ ಬೀಳದಿದ್ದರೆ ರಿಟರ್ನ್ ಹಾಕಿ ವಾಪಸ್ ತಗೋಬಹುದು ಅಂತ ಹೇಳಿದೆ. ಬಾಯಿ ಮಾತು ಸಾಲುವುದಿಲ್ಲ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಟಿಡಿಎಸ್ ವಿವರವನ್ನು ನಾವು ಜನವರಿ 31ರ ಒಳಗೆ ಸಲ್ಲಿಸಬೇಕಿತ್ತು. ಆಮೇಲೆ ಅದು ಅವರ ಪ್ಯಾನ್‌ನ ತೆರಿಗೆ ವಿವರವಾದ 26ಎಎಸ್‌ನಲ್ಲಿ ಕಾಣುತ್ತಿತ್ತು. ಆ ತಾರೀಕನ್ನು ಚೀಟಿಯ ಮೇಲೇ ಬರೆದುಕೊಟ್ಟೆ. ಪ್ಯಾನ್ ಕೊಡದವರಿಗೆ 2% ಅಲ್ಲ, 20%. ಅಕ್ಕನಿಗಾದರೆ ಅದು ₹4,260 ಆಗುತ್ತಿತ್ತು. ಇನ್ನೊಬ್ಬ ಏಜೆಂಟ್ ತಮ್ಮ ಗಂಡನ ಪ್ಯಾನ್ ಕೊಟ್ಟಿದ್ದರು. ಹಿಡಿದದ್ದೆಲ್ಲ ಗಂಡನ ಲೆಕ್ಕಕ್ಕೆ ಹೋಗಿ ಕೂತಿತ್ತು. ಈಗ ಪ್ಯಾನ್‌ನ ಹೆಸರು ಮತ್ತು ಬ್ಯಾಂಕ್ ಪಾಸ್‌ಬುಕ್‌ನ ಹೆಸರು ಒಂದೇ ಇದೆಯಾ ಅಂತ ಸೇರುವ ದಿನವೇ ನೋಡುತ್ತೇನೆ.

ಕೊನೆಗೆ ಅಕ್ಕನಿಗೆ ಸಿಗಬೇಕಾದದ್ದು ₹9,074. ₹5,600 ಹೋಗಿತ್ತು, ಉಳಿದ ₹3,474 ಆವತ್ತು ಸಂಜೆ ಹಾಕಿದೆವು. ಅವರು ಅಂದುಕೊಂಡಿದ್ದ ₹15,200ಕ್ಕಿಂತ ಇದು ಬಹಳ ಕಡಿಮೆಯೇ. ಆದರೆ ಪ್ರತಿ ಸಾಲನ್ನೂ ತಾವೇ ಕೂಡಿ ಕಳೆದು ನೋಡಿದ್ದರು, ಸುಮ್ನೆ ಎದ್ದು ಹೋದರು.

ಒಂದು ಗಂಟು ಮಾತ್ರ ಉಳಿದಿತ್ತು. ಹದಿನಾರು ಮಾಡಿ ಬೋನಸ್ ತಗೊಂಡ ಮೇಲೆ ಅದರಲ್ಲೇ ಒಂದು ವಾಪಸ್ ಬಂದರೆ? ಹಳೇ ತಿಂಗಳನ್ನು ಮತ್ತೆ ಲೆಕ್ಕ ಹಾಕುವ ನಿಯಮದ ಪ್ರಕಾರ ₹3,000 ಕೂಡ ಮುರಿಯಬೇಕು. ಗಿರಾಕಿ ಮನಸ್ಸು ಬದಲಿಸಿದ್ದಕ್ಕೆ ಏಜೆಂಟ್ ಜೇಬಿನಿಂದ ₹3,900 ಕೀಳುವುದು ನನಗೆ ಸರಿ ಕಾಣಲಿಲ್ಲ. ಹಾಗಂತ ಬಿಟ್ಟುಬಿಟ್ಟರೆ, ತಿಂಗಳ ಕೊನೆಗೆ ಭಾವನ ಮನೆಗೊಂದು ಫಿಟ್ ಮಾಡಿಸಿ, ಬೋನಸ್ ಬಂದ ಮೇಲೆ ವಾಪಸ್ ಕೊಡಿಸುವವರೂ ಇದ್ದಾರೆ. ಮಾಲೀಕರ ಜೊತೆ ಕೂತು ಡಿಸೆಂಬರ್‌ನಿಂದ ಬೋನಸ್ ಅನ್ನು ಒಂದು ತಿಂಗಳು ತಡೆದು, 30 ದಿನ ಕಳೆದ ಮೇಲೆ ಕೊಡುವುದು ಅಂತ ಮಾಡಿದೆವು. ಏಜೆಂಟರು ಗೊಣಗಿದರು. ಆದರೆ ಕೊಟ್ಟದ್ದನ್ನು ಕಿತ್ತುಕೊಳ್ಳುವ ಜಗಳ ಆಮೇಲೆ ಒಂದೂ ಆಗಿಲ್ಲ.

ಚೀಟಿಯೂ ಬದಲಾಯಿತು. ಈಗ ಮೇಲಿನ ಸಾಲು "ಬುಕ್ ಆದದ್ದು", ಅದರ ಕೆಳಗೆ "ಫಿಟ್ ಆದದ್ದು", ಆಮೇಲೆ "ಮುಂದಿನ ತಿಂಗಳಿಗೆ ಹೋದದ್ದು", ಬುಕಿಂಗ್ ನಂಬರ್ ಸಮೇತ. 2ನೇ ತಾರೀಕು ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ, ದುಡ್ಡು ಹಾಕುವುದು 5ಕ್ಕೆ. ನಡುವೆ ಕೇಳಲು ಎರಡು ದಿನ ಸಿಗುತ್ತದೆ.

ಡಿಸೆಂಬರ್ ಚೀಟಿ ಬಂದಾಗ ಅಕ್ಕ ಪ್ರಿಂಟ್ ಮಾಡಿಸಿಕೊಂಡೇ ಅಂಗಡಿಗೆ ಬಂದರು. ಪಟ್ಟಿಯಲ್ಲಿ ಆ 29ನೇ ತಾರೀಕಿನ ಎರಡು ನಂಬರ್ ಹುಡುಕಿ, ನನ್ನ ಟೇಬಲ್ ಮೇಲಿನ ಪೆನ್ ತಗೊಂಡು ಎರಡಕ್ಕೂ ಟಿಕ್ ಹಾಕಿದರು. ಪೆನ್ ವಾಪಸ್ ಕೊಡುವಾಗ, "ಮತ್ತ ಆ ಇಬ್ರಿಗೂ ರೊಕ್ಕ ಹಾಕಿದ್ರಿಲ್ಲೋ?" ಅಂತ ಕೇಳಿದರು.


"ಹಾಕೀನ್ರಿ," ಅಂದೆ.