ಇಎಂಐ ಬದಲಾಗಲಿಲ್ಲ, ಸಾಲ ಮಾತ್ರ 40 ವರ್ಷಕ್ಕೆ ಹೋಯಿತು

ಮೈಸೂರಿನಲ್ಲಿ ಮನೆ ಕಟ್ಟಲು 2021ರ ಜನವರಿಯಲ್ಲಿ 40 ಲಕ್ಷ ಸಾಲ ತೆಗೆದುಕೊಂಡೆ. ಅವಧಿ 20 ವರ್ಷ, ಬಡ್ಡಿ ಶೇ 7, ಫ್ಲೋಟಿಂಗ್. ತಿಂಗಳ ಕಂತು 31,012 ರೂಪಾಯಿ. ಅದೇ ಬ್ಯಾಂಕಿನಲ್ಲಿ ಫಿಕ್ಸೆಡ್ ಕೂಡ ಇತ್ತು, ಶೇ 9ಕ್ಕೆ. ಆದರೆ ಕಾಗದ ಓದಿದಾಗ ಗೊತ್ತಾಯಿತು, ಫಿಕ್ಸೆಡ್ ಅಂದರೆ ಬರೀ 3 ವರ್ಷಕ್ಕೆ. ಆಮೇಲೆ ಆಗಿನ ದರಕ್ಕೆ ರೀಸೆಟ್. ನಮ್ಮಲ್ಲಿ ಫಿಕ್ಸೆಡ್ ಎಂದು ಮಾರುವ ಗೃಹಸಾಲಗಳಲ್ಲಿ ಇಂಥ ಷರತ್ತು ಸಾಮಾನ್ಯ. ಹಾಗಾಗಿ "ಫಿಕ್ಸೆಡ್ಡಾ, ಫ್ಲೋಟಿಂಗಾ" ಎಂದು ಕೇಳುವ ಮೊದಲು "ಎಷ್ಟು ವರ್ಷಕ್ಕೆ ಫಿಕ್ಸೆಡ್" ಎಂದು ಕೇಳಬೇಕು.

ನಾನು ಫ್ಲೋಟಿಂಗ್ ಆರಿಸಿಕೊಂಡೆ. ಅದರ ಲೆಕ್ಕ ಸರಳ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಹೊಸ ಫ್ಲೋಟಿಂಗ್ ಗೃಹಸಾಲವನ್ನು ಹೊರಗಿನ ಒಂದು ದರಕ್ಕೆ ಕಟ್ಟಿಹಾಕಬೇಕು. ಹೆಚ್ಚಿನವು ರೆಪೋ ದರವನ್ನೇ, ಅಂದರೆ ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ದರವನ್ನೇ ಹಿಡಿದಿವೆ. ಆಗ ರೆಪೋ 4.00 ಇತ್ತು. ಅದರ ಮೇಲೆ ಬ್ಯಾಂಕು ಹಾಕಿದ ಸ್ಪ್ರೆಡ್ 3.00. ಎರಡೂ ಸೇರಿ 7. ರೆಪೋ ಬದಲಾದರೆ ಮೂರು ತಿಂಗಳೊಳಗೆ ನಮ್ಮ ದರವೂ ಬದಲಾಗಬೇಕು. ನನ್ನ ಸಾಲಕ್ಕೆ ರೀಸೆಟ್ ಆಗುತ್ತಿದ್ದದ್ದು ಪ್ರತಿ ತ್ರೈಮಾಸಿಕದ ಮೊದಲ ದಿನ.

2022ರ ಮೇ ತಿಂಗಳಿಂದ ರೆಪೋ ಏರತೊಡಗಿತು. 2023ರ ಫೆಬ್ರವರಿ ಹೊತ್ತಿಗೆ 6.50. ಅಂದರೆ ಒಂದು ವರ್ಷವೂ ತುಂಬುವ ಮೊದಲೇ ಎರಡೂವರೆ ಪರ್ಸೆಂಟ್ ಏರಿಕೆ. ಆದರೆ ನನ್ನ ಖಾತೆಯಿಂದ ಪ್ರತಿ ತಿಂಗಳೂ ಅದೇ 31,012 ಹೋಗುತ್ತಿತ್ತು. ಮನೆಯಲ್ಲಿ "ನಮ್ಮದೇನೂ ಜಾಸ್ತಿ ಆಗಿಲ್ವಲ್ಲ" ಎಂದು ಸಮಾಧಾನ. ಬ್ಯಾಂಕು ಕಂತು ಮುಟ್ಟದೆ ಅವಧಿಯನ್ನು ಎಳೆಯುತ್ತಿತ್ತು.

ಸಾಲದ ಸ್ಟೇಟ್‌ಮೆಂಟಿನಲ್ಲಿ ನೋಡಬೇಕಾದದ್ದು ಕಂತಿನ ಮೊತ್ತವನ್ನಲ್ಲ, ಅದರೊಳಗೆ ಬಡ್ಡಿ ಎಷ್ಟು, ಅಸಲು ಎಷ್ಟು ಎಂಬುದನ್ನು. ಶುರುವಿನಲ್ಲಿ ನನ್ನ ಕಂತಿನಲ್ಲಿ 23,333 ಬಡ್ಡಿಗೆ, 7,679 ಅಸಲಿಗೆ ಹೋಗುತ್ತಿತ್ತು. 2023ರ ಏಪ್ರಿಲ್‌ನಲ್ಲಿ ದರ 9.5 ಆಯಿತು, ಉಳಿದ ಸಾಲ 38,34,535. ಆ ತಿಂಗಳ ಬಡ್ಡಿಯೇ 30,357. ಅಸಲಿಗೆ ಸೇರಿದ್ದು ಬರೀ 655 ರೂಪಾಯಿ! 38 ಲಕ್ಷದ ಸಾಲಕ್ಕೆ 655. ಎಷ್ಟು ತಿಂಗಳು ಬೇಕೆಂದು ತಿಳಿಯಲು ಎಕ್ಸೆಲ್‌ನಲ್ಲಿ ಈ ಒಂದು ಸಾಲು ಸಾಕು:

```
=NPER(9.5%/12, -31012, 3834535)
```

ಬಂದ ಉತ್ತರ 489. ಮೂಲ ಲೆಕ್ಕದಲ್ಲಿ ಆಗ ಉಳಿಯಬೇಕಿದ್ದದ್ದು 214 ಕಂತು. ಅಂದರೆ ಇನ್ನೂ 40 ವರ್ಷ ದಾಟಿ ಕಟ್ಟಬೇಕು, ಅಷ್ಟು ಹೊತ್ತಿಗೆ ನನಗೆ ಎಂಬತ್ತು ಮೀರಿರುತ್ತದೆ. ಎಷ್ಟೋ ಬ್ಯಾಂಕುಗಳು 30 ವರ್ಷದ ಮಿತಿ ಬಂದಾಗ ತಾವೇ ಕಂತು ಏರಿಸುತ್ತವೆ. ನನ್ನ ಬ್ಯಾಂಕಿನ ಸಿಸ್ಟಂ ಸುಮ್ನೆ ಎಳೆಯುತ್ತಾ ಹೋಗಿತ್ತು. ನಿಮ್ಮ ಅಂಕಿ ಹಾಕಿದಾಗ ಉತ್ತರದ ಜಾಗದಲ್ಲಿ `#NUM!` ಎಂದು ಬಂದರೆ ಪರಿಸ್ಥಿತಿ ಇನ್ನೂ ಕೆಟ್ಟದ್ದು. ಕಂತು ಬಡ್ಡಿಗೇ ಸಾಲುತ್ತಿಲ್ಲ, ಎಷ್ಟು ಕಟ್ಟಿದರೂ ಸಾಲ ತೀರುವುದಿಲ್ಲ ಎಂದು ಅರ್ಥ.

ಬ್ರಾಂಚಿಗೆ ಹೋದೆ. ಸಾಲದ ವಿಭಾಗದವರು ಸ್ಕ್ರೀನ್ ನೋಡಿ, "ಸರ್, ನಿಮ್ಮ ಇಎಂಐ ಹಾಗೇ ಇದೆಯಲ್ಲ" ಎಂದರು. "ಇಎಂಐ ಬಿಡಿ ಮೇಡಂ, ಉಳಿದ ಕಂತು ಎಷ್ಟಿದೆ ಓದಿ" ಎಂದೆ. ಓದಿದರು. ಅವರಿಗೂ ನಗು ಬಂತು.

ಅವಧಿ ಹಾಗೇ ಇರಲಿ, ಕಂತು ಏರಿಸಿ ಎಂದು ಅಲ್ಲೇ ಅರ್ಜಿ ಬರೆದುಕೊಟ್ಟೆ. 214 ತಿಂಗಳಲ್ಲೇ ಮುಗಿಸಲು ಕಂತು 37,247 ಆಯಿತು. ತಿಂಗಳಿಗೆ 6,235 ಜಾಸ್ತಿ. ಹೊರೆಯೇ, ಇಲ್ಲ ಅನ್ನುವುದಿಲ್ಲ. ಅಷ್ಟು ಆಗದವರಿಗೆ ಮಧ್ಯದ ದಾರಿ ಇದೆ. ಕಂತನ್ನು 35,000 ಮಾಡಿದ್ದರೂ 489 ತಿಂಗಳು 256ಕ್ಕೆ ಇಳಿಯುತ್ತಿತ್ತು. ಮೊದಲ ನಾಲ್ಕು ಸಾವಿರವೇ 233 ತಿಂಗಳು ಕಡಿಮೆ ಮಾಡುತ್ತದೆ, ಏಕೆಂದರೆ ಅದು ಪೂರ್ತಿ ಅಸಲಿಗೆ ಹೋಗುತ್ತದೆ. 655 ಇದ್ದದ್ದು ಏಕಾಏಕಿ 4,600 ಆಗುತ್ತದೆ, ಅಲ್ವಾ. ಕೈಯಲ್ಲಿ ದುಡ್ಡಿದ್ದರೆ ಒಂದಿಷ್ಟು ಅಸಲನ್ನು ಒಟ್ಟಿಗೆ ಕಟ್ಟಲೂಬಹುದು. ವ್ಯಕ್ತಿಗಳ ಫ್ಲೋಟಿಂಗ್ ಗೃಹಸಾಲಕ್ಕೆ ಹಾಗೆ ಮುಂಚೆ ಕಟ್ಟಿದರೆ ಬ್ಯಾಂಕು ದಂಡ ಹಾಕುವಂತಿಲ್ಲ.

ಈಗ ಬ್ಯಾಂಕಿಗೆ ಹೋಗಿ ವಾದ ಮಾಡುವುದು ಸ್ವಲ್ಪ ಸುಲಭ. 2023ರ ಆಗಸ್ಟ್‌ನಲ್ಲಿ ಆರ್‌ಬಿಐ ಸುತ್ತೋಲೆ ಹೊರಡಿಸಿತು. ದರ ಬದಲಾದಾಗ ಕಂತು ಏರಿಸುವುದೋ, ಅವಧಿ ಏರಿಸುವುದೋ, ಎರಡೂ ಸ್ವಲ್ಪ ಸ್ವಲ್ಪವೋ ಎಂದು ಸಾಲಗಾರನಿಗೆ ಆಯ್ಕೆ ಕೊಡಬೇಕು. ಅವಧಿ ಎಳೆದು ಬಡ್ಡಿಯೂ ತೀರದ ಸ್ಥಿತಿಗೆ ಸಾಲವನ್ನು ತರಬಾರದು ಎಂದೂ ಅದರಲ್ಲಿದೆ.

"ಹಾಗಾದರೆ ಫಿಕ್ಸೆಡ್ ತೆಗೆದುಕೊಂಡಿದ್ದರೆ ನೆಮ್ಮದಿ ಇರುತ್ತಿತ್ತಲ್ಲ" ಎಂದು ನನ್ನ ಭಾವ ಕೇಳಿದರು. ಲೆಕ್ಕ ಹಾಕಿ ತೋರಿಸಿದೆ. ಮೊದಲ 17 ಕಂತುಗಳಲ್ಲಿ ನಾನು ಫಿಕ್ಸೆಡ್‌ಗಿಂತ 2 ಪರ್ಸೆಂಟ್ ಕಡಿಮೆ ಬಡ್ಡಿ ಕೊಟ್ಟಿದ್ದೆ. ಅದರಲ್ಲೇ ಸುಮಾರು 1 ಲಕ್ಷದ 11 ಸಾವಿರ ಉಳಿದಿತ್ತು. ಮುಂದಿನ ಮೂರು ತಿಂಗಳೂ 7.9 ಇದ್ದದ್ದರಿಂದ ಇನ್ನೊಂದು ಹತ್ತು ಸಾವಿರ. ದರ 9 ದಾಟಿದ ಮೇಲೆ, 2024ರ ಜನವರಿವರೆಗೆ, ನನಗೆ ಫಿಕ್ಸೆಡ್‌ಗಿಂತ ಜಾಸ್ತಿ ಬಿದ್ದದ್ದು ಹತ್ತಿರಹತ್ತಿರ 18 ಸಾವಿರ. ಅಷ್ಟರಲ್ಲಿ ಮೂರು ವರ್ಷ ಮುಗಿದು, ಆ ಫಿಕ್ಸೆಡ್ ಸಾಲವೂ ರೆಪೋ 6.50 ಇದ್ದಾಗಲೇ ರೀಸೆಟ್ ಆಗುತ್ತಿತ್ತು. ಆದರೆ ವ್ಯತ್ಯಾಸ ಎರಡರ ಬದಲು ಅರ್ಧ ಪರ್ಸೆಂಟ್ ಇದ್ದು, ಅವಧಿಯುದ್ದಕ್ಕೂ ಫಿಕ್ಸೆಡ್ ಎಂದು ಬರೆದುಕೊಟ್ಟಿದ್ದರೆ ನಾನು ಅದನ್ನೇ ಆರಿಸುತ್ತಿದ್ದೆ.

2025ರಲ್ಲಿ ಗಾಳಿ ತಿರುಗಿತು. ಫೆಬ್ರವರಿಯಿಂದ ಜೂನ್‌ವರೆಗೆ ರೆಪೋ 6.50ರಿಂದ 5.50ಕ್ಕೆ ಇಳಿಯಿತು. ಜುಲೈನಲ್ಲಿ ನನ್ನ ದರ 8.5. ಈ ಸಲ ಬ್ಯಾಂಕು ಕಂತು ಇಳಿಸುತ್ತೇವೆ ಎಂದಿತು, 37,247ರಿಂದ 35,045ಕ್ಕೆ. ನಾನು ಬೇಡ ಎಂದೆ. ಹಳೆಯ ಕಂತನ್ನೇ ಮುಂದುವರಿಸಿದರೆ ಉಳಿದ 187 ತಿಂಗಳು 166ಕ್ಕೆ ಬರುತ್ತದೆ. ದರ ಹೀಗೇ ಇದ್ದರೆ ಒಟ್ಟಾರೆ 3 ಲಕ್ಷದ 80 ಸಾವಿರದಷ್ಟು ಉಳಿತಾಯ. ಏರಿದ ಕಂತಿಗೆ ಮನೆ ಖರ್ಚು ಹೇಗೂ ಹೊಂದಿಕೊಂಡಿತ್ತು.

ಅದೇ ಸಮಯದಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಹೊಸದಾಗಿ ಸಾಲ ತೆಗೆಯುವವರಿಗೆ ಅದೇ ಬ್ಯಾಂಕು ಏಳೂಮುಕ್ಕಾಲಕ್ಕೆ ಕೊಡುತ್ತಿತ್ತು. ರೆಪೋ ಇಬ್ಬರಿಗೂ ಒಂದೇ. ಸ್ಪ್ರೆಡ್ ಬೇರೆ: ಅವರಿಗೆ 2.25, ನನಗೆ ಹಳೆಯ 3.00. ರೆಪೋ ಎಷ್ಟು ಇಳಿದರೂ ಸ್ಪ್ರೆಡ್ ತಾನಾಗಿ ಇಳಿಯುವುದಿಲ್ಲ, ಕೇಳಬೇಕು. ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸಲು ವಿಚಾರಿಸಿದೆ. ಅಲ್ಲಿ ದರ ಕಡಿಮೆ, ಆದರೆ ಮನೆ ಪತ್ರಗಳನ್ನು ಹೊಸದಾಗಿ ಅಡವಿಟ್ಟು ನೋಂದಣಿ ಮಾಡಿಸಬೇಕು, ವಕೀಲರ ಪರಿಶೀಲನೆ, ಪ್ರೊಸೆಸಿಂಗ್ ಶುಲ್ಕ. ಅವರು ಕೊಟ್ಟ ಆಫರ್ ಪತ್ರವನ್ನು ನನ್ನ ಬ್ಯಾಂಕಿನ ಮ್ಯಾನೇಜರ್ ಮುಂದೆ ಇಟ್ಟೆ. ಕೆಲವು ಸಾವಿರ ಕನ್ವರ್ಷನ್ ಶುಲ್ಕ ತೆಗೆದುಕೊಂಡು ಸ್ಪ್ರೆಡ್ 2.50 ಮಾಡಿದರು. ದರ 8ಕ್ಕೆ ಬಂತು, ಕಂತು ಅದೇ, ಅವಧಿ 158 ತಿಂಗಳು. ಸ್ಪ್ರೆಡ್ ಬದಲಾದದ್ದಕ್ಕೆ ತಿದ್ದುಪಡಿ ಪತ್ರವನ್ನು ಬರಹದಲ್ಲಿ ಕೇಳಿ ಪಡೆದಿದ್ದೇನೆ.